ಬೇಲಿಯೊಳಗಿನ ಜಾಗಕ್ಕೆ "ಸುರಕ್ಷಿತ ವಲಯ" ಅನ್ನಬೇಡಿ: ರೋಬೋ ಸೂಚನೆಗಳನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ನಮ್ಮ ಅಸೆಂಬ್ಲಿ ಲೈನ್‌ಗೆ ರೋಬೋ ಸೆಲ್ ಬಂದಿದೆ. ಮ್ಯಾನ್ಯುಯಲ್‌ನಲ್ಲಿರುವ ಸೇಫ್ಟಿ ಝೋನ್ ಮತ್ತು ಟೀಚ್ ಪೆಂಡೆಂಟ್ ಸೂಚನೆಗಳನ್ನು ಆಪರೇಟರ್‌ಗಳಿಗಾಗಿ ಕನ್ನಡಕ್ಕೆ ಮಾಡಿಕೊಡಲು ಹೇಳಿದ್ದಾರೆ. ಕನ್ನಡ ಪದಗಳನ್ನೇ ಹುಡುಕಿ ಹಾಕಲೇ, ಇಂಗ್ಲಿಷ್ ಪದಗಳನ್ನು ಹಾಗೇ ಬಿಡಲೇ? ಎಲ್ಲಿ ತಪ್ಪಾಗುವ ಸಂಭವ ಜಾಸ್ತಿ?

ಉತ್ತರ: ಪದಗಳ ವಿಚಾರ ಸುಲಭ, ಅದನ್ನು ಮೊದಲು ಮುಗಿಸೋಣ. ಬಟನ್ ಮೇಲೆ, ಕೀ ಮೇಲೆ, ರೋಬೋ ನಡೆಸಲು ಕೈಯಲ್ಲಿ ಹಿಡಿಯುವ ಪೆಂಡೆಂಟ್‌ನ ಪರದೆ ಮೇಲೆ ಏನು ಅಚ್ಚಾಗಿದೆಯೋ ಅದನ್ನು ಅದೇ ಅಕ್ಷರಗಳಲ್ಲಿ ಬಿಡಿ: SHIFT, RESET, HOLD, T1. ಆಪರೇಟರ್ ಕಣ್ಣು ಹುಡುಕುವುದು ಆ ಆಕಾರವನ್ನು. "ಮರುಹೊಂದಿಸು ಗುಂಡಿ" ಎಂದು ಬರೆದರೆ ಅವರು ಮನಸ್ಸಿನಲ್ಲೇ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಬಟನ್ ಹುಡುಕಬೇಕು. ಮಿಕ್ಕದ್ದಕ್ಕೆ ಲೈನ್‌ನಲ್ಲಿ ಜನ ಆಡುವ ಮಾತೇ ಸಾಕು: ಪೆಂಡೆಂಟ್, ಗ್ರಿಪ್ಪರ್, ಫಿಕ್ಸ್‌ಚರ್, ಬೇಲಿ, ಗೇಟ್, ಅಲಾರಂ. "ಡೆಡ್‌ಮ್ಯಾನ್ ಸ್ವಿಚ್" ಎಂಬುದನ್ನು "ಮೃತ ವ್ಯಕ್ತಿ ಸ್ವಿಚ್" ಮಾಡಿದರೆ ನಗು ಬರುತ್ತದೆ, ಆದರೆ ಅದರಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಪೆಟ್ಟಾಗುವುದು ಓದಲು ಚೆನ್ನಾಗಿರುವ, ಯಾರಿಗೂ ಅನುಮಾನ ಬಾರದ ಅನುವಾದಗಳಿಂದ. ಅಂಥವು ಮುಖ್ಯವಾಗಿ ಎರಡು ಕಡೆ ಸಿಗುತ್ತವೆ. ಒಂದು ಜಾಗಗಳ ಹೆಸರು, ಇನ್ನೊಂದು ಬೆರಳು ಏನು ಮಾಡಬೇಕೆಂದು ಹೇಳುವ ಕ್ರಿಯಾಪದ.

ಜಾಗಗಳ ಹೆಸರು

ಕೈಗಾರಿಕಾ ರೋಬೋಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ISO 10218. ಅದರ ಪರಿಭಾಷೆಯನ್ನೇ ಹೆಚ್ಚಿನ ಮ್ಯಾನ್ಯುಯಲ್‌ಗಳು ಅನುಸರಿಸುತ್ತವೆ. ಅಲ್ಲಿ ನಾಲ್ಕು "ಸ್ಪೇಸ್"ಗಳಿವೆ. ಮ್ಯಾಕ್ಸಿಮಮ್ ಸ್ಪೇಸ್ ಎಂದರೆ ರೋಬೋದ ತೋಳು, ಅದರ ತುದಿಯ ಗ್ರಿಪ್ಪರ್, ಗ್ರಿಪ್ಪರ್ ಹಿಡಿದ ಪಾರ್ಟ್ ಎಲ್ಲ ಸೇರಿ ಮುಟ್ಟಬಲ್ಲ ಪೂರ್ತಿ ಜಾಗ. ರಿಸ್ಟ್ರಿಕ್ಟೆಡ್ ಸ್ಪೇಸ್ ಎಂದರೆ ಅದರಲ್ಲಿ ಸ್ಟಾಪರ್‌ಗಳಿಂದಲೋ ಸೇಫ್ಟಿ ಸಾಫ್ಟ್‌ವೇರ್‌ನಿಂದಲೋ ಮಿತಿ ಹಾಕಿ ಉಳಿಸಿದ ಭಾಗ. ಆಪರೇಟಿಂಗ್ ಸ್ಪೇಸ್ ಎಂದರೆ ಈಗಿನ ಪ್ರೋಗ್ರಾಂ ಓಡುವಾಗ ರೋಬೋ ನಿಜಕ್ಕೂ ಓಡಾಡುವ ಭಾಗ. ಸೇಫ್‌ಗಾರ್ಡೆಡ್ ಸ್ಪೇಸ್ ಎಂದರೆ ಬೇಲಿ, ಗೇಟ್, ಲೈಟ್ ಕರ್ಟನ್ ಇವುಗಳಿಂದ ಸುತ್ತುವರಿದ ಜಾಗ.

ಈಗ ನಿಘಂಟು ಹಿಡಿದು ಇದನ್ನು ಕನ್ನಡ ಮಾಡಿದರೆ ಏನಾಗುತ್ತದೆ ನೋಡಿ. ಸೇಫ್‌ಗಾರ್ಡೆಡ್ ಸ್ಪೇಸ್ "ಸುರಕ್ಷಿತ ವಲಯ" ಆಗುತ್ತದೆ. ರಿಸ್ಟ್ರಿಕ್ಟೆಡ್ ಸ್ಪೇಸ್ "ನಿರ್ಬಂಧಿತ ವಲಯ" ಆಗುತ್ತದೆ. ಓದುವವರಿಗೆ ಮೊದಲನೆಯದು ನಿಂತುಕೊಳ್ಳಬಹುದಾದ ಜಾಗ, ಎರಡನೆಯದು ತಮಗೆ ಪ್ರವೇಶವಿಲ್ಲದ ಜಾಗ. ನಿಜ ಸಂಗತಿ ಉಲ್ಟಾ. "ಸುರಕ್ಷಿತ ವಲಯ" ಎಂದು ಬರೆದದ್ದು ರೋಬೋ ಇರುವ ಬೇಲಿಯ ಒಳಭಾಗ, ಅಂದರೆ ಸೆಲ್‌ನ ಅತಿ ಅಪಾಯದ ಜಾಗ. "ನಿರ್ಬಂಧಿತ" ಎಂದಲ್ಲಿ ನಿರ್ಬಂಧ ಇರುವುದು ರೋಬೋಗೆ, ಮನುಷ್ಯನಿಗಲ್ಲ. ಮೂಲದಲ್ಲಿ ಸೇಫ್‌ಗಾರ್ಡೆಡ್ ಎಂಬ ಪದ ಹೊರಗೆ ನಿಂತವರಿಗೆ ರಕ್ಷಣೆ ಕೊಡುವ ಕಟ್ಟನ್ನು ಹೇಳುತ್ತದೆ. ಕನ್ನಡದ "ಸುರಕ್ಷಿತ" ಎಂಬ ವಿಶೇಷಣ ಆ ಜಾಗದ ಗುಣವನ್ನೇ ಹೇಳಿಬಿಡುತ್ತದೆ.

ಹಾಗಾಗಿ ಜಾಗಕ್ಕೆ ಹೆಸರಿಡುವಾಗ ಇಂಗ್ಲಿಷ್ ಪದವನ್ನು ಮರೆತು, ಅಲ್ಲಿ ಮನುಷ್ಯ ನಿಂತರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಸೇಫ್‌ಗಾರ್ಡೆಡ್ ಸ್ಪೇಸ್‌ಗೆ "ಬೇಲಿಯೊಳಗಿನ ಜಾಗ" ಸಾಕು. ರಿಸ್ಟ್ರಿಕ್ಟೆಡ್ ಸ್ಪೇಸ್‌ಗೆ "ರೋಬೋದ ಗಡಿ" ಅನ್ನಿ. ಮ್ಯಾಕ್ಸಿಮಮ್ ಸ್ಪೇಸ್ "ರೋಬೋ ಚಾಚಬಲ್ಲ ಪೂರ್ತಿ ಜಾಗ". ಆಪರೇಟಿಂಗ್ ಸ್ಪೇಸ್‌ನ ಮಾತು ಆಪರೇಟರ್ ಹಾಳೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. "ರೋಬೋ ಇಷ್ಟೇ ಓಡಾಡೋದು" ಎಂಬ ತಿಳಿವಳಿಕೆ ಬಂದರೆ, ಉಳಿದ ಭಾಗದಲ್ಲಿ ಸುಮ್ಮನೆ ನಿಲ್ಲಬಹುದು ಅನ್ನಿಸುತ್ತದೆ. ಬೇರೆ ಪ್ರೋಗ್ರಾಂ ಲೋಡ್ ಆದ ಕ್ಷಣ ಆ ಲೆಕ್ಕ ತಪ್ಪುತ್ತದೆ. "ಸುರಕ್ಷಿತ" ಎಂಬ ಪದವನ್ನು ಇಡೀ ದಾಖಲೆಯಲ್ಲಿ ಮನುಷ್ಯ ನಿಲ್ಲಬಹುದಾದ ಜಾಗಕ್ಕೆ ಮಾತ್ರ ಮೀಸಲಿಡಿ.

ಲೇಸರ್ ಸ್ಕ್ಯಾನರ್ ಇರುವ ಸೆಲ್ ಆದರೆ ಇದೇ ತೊಡಕು ಇನ್ನೊಮ್ಮೆ ಎದುರಾಗುತ್ತದೆ. ಅಲ್ಲಿ ಹೊರಗಿನದು ವಾರ್ನಿಂಗ್ ಫೀಲ್ಡ್, ಒಳಗಿನದು ಪ್ರೊಟೆಕ್ಟಿವ್ ಫೀಲ್ಡ್. "ರಕ್ಷಣಾ ವಲಯ" ಎಂದು ನೆಲದ ಮೇಲೆ ಬರೆಸಿದರೆ ಜನ ರಕ್ಷಣೆಗೆಂದು ಅಲ್ಲಿಗೇ ಹೋಗಿ ನಿಂತಾರು. "ಕಾಲಿಟ್ಟರೆ ರೋಬೋ ನಿಲ್ಲುವ ಜಾಗ" ಎಂದರೆ ಗೊಂದಲವಿಲ್ಲ. ಹೊರಗಿನದಕ್ಕೆ ಮಾತ್ರ ಪದ ಆರಿಸುವ ಮೊದಲು ಸೆಲ್ ಕಟ್ಟಿದವರನ್ನು ಕೇಳಿ. ಕೆಲವು ಕಡೆ ಅಲ್ಲಿ ಕಾಲಿಟ್ಟರೆ ರೋಬೋ ನಿಧಾನವಾಗುತ್ತದೆ, ಕೆಲವು ಕಡೆ ಬರೀ ದೀಪ ಅಥವಾ ಶಬ್ದ ಬರುತ್ತದೆ, ವೇಗ ಹಾಗೇ ಇರುತ್ತದೆ. ಮ್ಯಾನ್ಯುಯಲ್ ಓದಿ ಇದನ್ನು ಊಹಿಸಲಾಗದು.

ಬೆರಳಿಗೆ ಹೇಳುವ ಮಾತು

ಪೆಂಡೆಂಟ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ ಫ್ಯಾನುಕ್ ಪೆಂಡೆಂಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೇರೆಯದಾದರೆ ಕೀ ಹೆಸರು ಬದಲಾಗುತ್ತದೆ, ಭಾಷೆಯ ತೊಡಕು ಬದಲಾಗುವುದಿಲ್ಲ.

ಪೆಂಡೆಂಟ್ ಹಿಂಬದಿಯ ಡೆಡ್‌ಮ್ಯಾನ್ ಸ್ವಿಚ್‌ಗೆ ಮೂರು ಸ್ಥಿತಿಗಳಿವೆ. ಬೆರಳು ತೆಗೆದರೆ ರೋಬೋ ನಿಲ್ಲುತ್ತದೆ. ನಡುವಿನ ಮಟ್ಟಕ್ಕೆ ಒತ್ತಿ ಹಿಡಿದರೆ ಮಾತ್ರ ಚಲನೆಗೆ ಅವಕಾಶ. ಅದಕ್ಕಿಂತ ಜೋರಾಗಿ ಹಿಂಡಿದರೆ ಮತ್ತೆ ನಿಲ್ಲುತ್ತದೆ. ಗಾಬರಿಯಾದಾಗ ಕೆಲವರು ಕೈ ಬಿಡುತ್ತಾರೆ, ಕೆಲವರು ಮುಷ್ಟಿ ಬಿಗಿಯುತ್ತಾರೆ. ಎರಡೂ ಬಗೆಯವರಿಗೆ ರೋಬೋ ನಿಲ್ಲಲಿ ಎಂದು ಈ ವ್ಯವಸ್ಥೆ.

ಈಗ "ಸ್ವಿಚ್ ಪೂರ್ತಿ ಒತ್ತಿ" ಎಂದು ಅನುವಾದವಾದರೆ ಆಪರೇಟರ್ ನೇರ ಮೂರನೆಯ ಸ್ಥಿತಿಗೆ ಹೋಗುತ್ತಾರೆ. ಪರದೆ ಮೇಲೆ ಹೀಗೆ ಬರುತ್ತದೆ:

```
SRVO-003 Deadman switch released
```

ಅಲಾರಂ "ಬಿಟ್ಟಿದ್ದೀರಿ" ಅನ್ನುತ್ತಿದೆ, ಕೈ ಬಿಗಿಯಾಗಿ ಒತ್ತಿಯೇ ಇದೆ. ಸಾಲದು ಎಂದುಕೊಂಡು ಇನ್ನೂ ಜೋರಾಗಿ ಒತ್ತುತ್ತಾರೆ. ಸ್ವಿಚ್ ನಡುವಿನ ಸ್ಥಿತಿಯಲ್ಲಿ ಇಲ್ಲದಿದ್ದಾಗಲೆಲ್ಲ ಬರುವ ಅಲಾರಂ ಇದು, ಬಿಟ್ಟರೂ ಇದೇ, ಹಿಂಡಿದರೂ ಇದೇ. ಕೊನೆಗೆ ಸ್ವಿಚ್ ಕೆಟ್ಟಿದೆ ಎಂದು ಮೆಂಟೆನೆನ್ಸ್‌ಗೆ ದೂರು ಹೋಗುತ್ತದೆ. ಹಾಗಾಗಿ ಈ ಅಲಾರಂ ಪಕ್ಕದಲ್ಲಿ ಪದಶಃ ಅನುವಾದ ಕೊಡದೆ, "ಸ್ವಿಚ್ ನಡುಮಟ್ಟದಲ್ಲಿ ಇಲ್ಲ. ಬೆರಳು ಪೂರ್ತಿ ತೆಗೆಯಿರಿ, ಮೊದಲ ಟಿಕ್ ಸಿಗುವ ತನಕ ಮಾತ್ರ ಒತ್ತಿ ಹಿಡಿಯಿರಿ" ಎಂದು ಮಾಡಬೇಕಾದ್ದನ್ನೇ ಬರೆಯಿರಿ. ನಿಮ್ಮ ಪೆಂಡೆಂಟ್‌ನಲ್ಲಿ ಟಿಕ್ ಕೈಗೆ ತಿಳಿಯುತ್ತದೆಯೋ ಇಲ್ಲವೋ ಎಂದು ಮೊದಲು ಒತ್ತಿ ನೋಡಿಕೊಳ್ಳಿ.

ಕನ್ನಡದ್ದೇ ಆದ ತೊಡಕು ಇನ್ನೊಂದಿದೆ. "ಒತ್ತಿ" ಎಂಬುದು ಗೌರವದ ಆಜ್ಞೆಯೂ ಹೌದು, "ಒತ್ತಿದ ಮೇಲೆ" ಎಂಬ ಅರ್ಥದ ರೂಪವೂ ಹೌದು. "SHIFT ಒತ್ತಿ RESET ಒತ್ತಿ" ಎಂಬ ಸಾಲನ್ನು ಓದಿದವರು SHIFT ಒಮ್ಮೆ ಒತ್ತಿ, ಬೆರಳೆತ್ತಿ, ಆಮೇಲೆ RESET ಒತ್ತುತ್ತಾರೆ. ಮೂಲ ಹೇಳುವುದು ಎರಡೂ ಒಟ್ಟಿಗೆ ಎಂದು. RESET ವಿಚಾರದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ರೋಬೋವನ್ನು ಕೈಯಲ್ಲಿ ನಡೆಸುವಾಗ, ಅಂದರೆ ಜಾಗ್ ಮಾಡುವಾಗ, SHIFT ಹಿಡಿದಿರುವ ತನಕ ಮಾತ್ರ ಚಲನೆ. SHIFT ಬಿಟ್ಟರೆ ರೋಬೋ ನಿಲ್ಲುತ್ತದೆ ಎಂಬುದೇ ಅಲ್ಲಿನ ಅರ್ಧ ಪಾಠ, ಅದು ಸಾಲಿನಲ್ಲಿ ಕಾಣಲೇಬೇಕು. "SHIFT ಒತ್ತಿ ಹಿಡಿದುಕೊಂಡೇ +Z ಒತ್ತಿರಿ" ಎಂದು ಬರೆಯಿರಿ. ಆಜ್ಞೆಗೆ ಎಲ್ಲ ಕಡೆ "ಒತ್ತಿರಿ", "ಹಿಡಿಯಿರಿ", "ತಿರುಗಿಸಿರಿ" ಎಂಬ ಪೂರ್ಣ ರೂಪವನ್ನೇ ಬಳಸಿ. ಸ್ವಲ್ಪ ಹಳೆಯ ಶಾಲಾ ಪುಸ್ತಕದ ಧಾಟಿ ಎನ್ನಿಸಬಹುದು, ಪರವಾಗಿಲ್ಲ.

ಇದಕ್ಕಿಂತ ಕೆಟ್ಟದ್ದು "ಬಿಡಿ". "ಒತ್ತಿ ಬಿಡಿ" ಎಂದರೆ ಒತ್ತಿದ ಮೇಲೆ ಕೈ ತೆಗೆಯಿರಿ. "ಒತ್ತಿಬಿಡಿ" ಎಂದರೆ ಯೋಚಿಸದೆ ಒತ್ತಿಯೇಬಿಡಿ. ನಡುವೆ ಒಂದು ಖಾಲಿ ಜಾಗದ ವ್ಯತ್ಯಾಸ, ಟೈಪ್ ಮಾಡುವವರು ಅದನ್ನು ನುಂಗಿದರೆ ಅರ್ಥವೇ ತಿರುಗಿತು. ಬಾಯಲ್ಲಿ ಓದಿ ಹೇಳುವಾಗಲಂತೂ ಎರಡೂ ಒಂದೇ. ಬೆರಳಿನ ವಿಷಯದಲ್ಲಿ "ಬಿಡಿ" ಪೂರ್ತಿ ಕೈಬಿಟ್ಟು "ಬೆರಳು ತೆಗೆಯಿರಿ" ಎಂದೇ ಬರೆಯುವುದು ಒಳ್ಳೆಯದು.

ನಿಷೇಧದ ಸಾಲುಗಳಲ್ಲೂ ಇದೇ ರೂಪ ಕಾಟ ಕೊಡುತ್ತದೆ. "ಪೆಂಡೆಂಟ್ ಹೊರಗಿಟ್ಟು ಒಳಗೆ ಹೋಗಬೇಡಿ" ಎಂಬುದನ್ನು ಎರಡು ಸಲ ಓದಿ. ಪೆಂಡೆಂಟನ್ನು ಹೊರಗೆ ಇಡಿ, ಒಳಗೆ ಹೋಗಬೇಡಿ ಎಂದೂ ಆಗುತ್ತದೆ. ಪೆಂಡೆಂಟ್ ಹೊರಗೆ ಬಿಟ್ಟು ಬರಿಗೈಯಲ್ಲಿ ಹೋಗಬೇಡಿ ಎಂದೂ ಆಗುತ್ತದೆ. "ಬೇಡಿ" ಸಾಲಿನ ಕೊನೆಯಲ್ಲಿ ಕೂತು, ಹಿಂದಿನ ಎಷ್ಟು ಕ್ರಿಯೆಗಳನ್ನು ಹಿಡಿಯುತ್ತದೆ ಎಂಬುದು ಓದುವವರ ಊಹೆಗೆ ಉಳಿಯುತ್ತದೆ. ಒಂದು ಸಾಲಿಗೆ ಒಂದೇ ಕ್ರಿಯೆ, ಆಗುವುದಾದರೆ ನಿಷೇಧದ ಬದಲು ಆದೇಶ: "ಒಳಗೆ ಹೋಗುವವರ ಕೈಯಲ್ಲೇ ಪೆಂಡೆಂಟ್ ಇರಬೇಕು."

"ಬಹುದು" ಕೂಡ ಹಾಗೆಯೇ, ಅದಕ್ಕೆ ಅನುಮತಿ ಮತ್ತು ಸಂಭವ ಎಂಬ ಎರಡು ಮುಖ. "ನಿಂತ ರೋಬೋ ಚಲಿಸಬಹುದು" ಎಂದರೆ ಅದಕ್ಕೆ ಅವಕಾಶವಿದೆಯೋ, ಹಾಗಾಗುವ ಅಪಾಯವಿದೆಯೋ? ಅಪಾಯವಾದರೆ "ನಿಂತಂತೆ ಕಾಣುವ ರೋಬೋ ಸಿಗ್ನಲ್‌ಗೆ ಕಾಯುತ್ತಿರುತ್ತದೆ, ಯಾವಾಗ ಬೇಕಾದರೂ ಹೊರಡುತ್ತದೆ" ಎಂದು ಬಿಡಿಸಿ ಬರೆಯಿರಿ. "ಬಹುದು" ಅನುಮತಿಗೆ ಮಾತ್ರ ಇರಲಿ.

FWD ಕೀಯನ್ನು "ಮುಂದೆ" ಎಂದು ವಿವರಿಸುವುದೂ ತಪ್ಪೇ. ಅದು ಪ್ರೋಗ್ರಾಂನ ಮುಂದಿನ ಸಾಲನ್ನು ಓಡಿಸುವ ಕೀ. ಆ ಸಾಲು ರೋಬೋವನ್ನು ನಿಮ್ಮ ಕಡೆಗೇ ತರುವಂಥದ್ದೂ ಆಗಿರಬಹುದು.

ನಿಲ್ಲಿಸು, ರೀಸೆಟ್, ಸ್ಟಾರ್ಟ್

ಮ್ಯಾನ್ಯುಯಲ್‌ನ ಮೂರು ಬೇರೆ ಸಂಗತಿಗಳು ಕನ್ನಡದಲ್ಲಿ ಒಂದೇ "ನಿಲ್ಲಿಸಿ" ಆಗಿಬಿಡುತ್ತವೆ. HOLD ಪ್ರೋಗ್ರಾಂ ಅನ್ನು ತಡೆದು ನಿಲ್ಲಿಸುತ್ತದೆ. ಅದನ್ನು ನಂಬಿ ಒಳಗೆ ಕೈ ಹಾಕುವಂತಿಲ್ಲ. ಗೇಟ್ ತೆರೆದಾಗ ಬರುವುದು ಸೇಫ್ಟಿ ಸ್ಟಾಪ್. ಹಳದಿ ಹಿನ್ನೆಲೆಯ ಕೆಂಪು ಅಣಬೆ ಬಟನ್ ಎಮರ್ಜೆನ್ಸಿ ಸ್ಟಾಪ್. ಮೂರಕ್ಕೂ ಬೇರೆ ಹೆಸರು ಕೊಟ್ಟು ಕೊನೆತನಕ ಅದನ್ನೇ ಉಳಿಸಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೂ ಫಿಕ್ಸ್‌ಚರ್‌ನ ಸಿಲಿಂಡರ್‌ಗಳಲ್ಲಿ ಗಾಳಿ ಒತ್ತಡ ಉಳಿದಿರುವ ಸಾಧ್ಯತೆ ಇದೆ, ಆದ್ದರಿಂದ ಅದನ್ನು ಪವರ್ ತೆಗೆದು ಬೀಗ ಹಾಕುವ ಲಾಕ್‌ಔಟ್‌ಗೆ ಬದಲಿಯೆಂದು ಹೇಳುವ ಸಾಲು ಎಲ್ಲಿಯೂ ಇರಬಾರದು. RESET ಎಂದರೆ "ಅಡ್ಡಿ ತೆಗೆದಿದೆ" ಎಂದು ಕಂಟ್ರೋಲರ್‌ಗೆ ತಿಳಿಸುವುದಷ್ಟೇ. ಓಡಿಸಲು ಬೇರೆಯಾಗಿ START ಒತ್ತಬೇಕು. "ರೀಸೆಟ್ ಮಾಡಿ ಚಾಲೂ ಮಾಡಿ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯಬೇಡಿ, ಮಧ್ಯೆ "ಒಳಗೆ ಯಾರೂ ಇಲ್ಲವೆಂದು ನೋಡಿರಿ" ಎಂಬ ಹೆಜ್ಜೆ ಇದೆ.

ಒಂದು ಸಾಲನ್ನು ಬಿಡಿಸಿ ನೋಡೋಣ

ಸನ್ನಿವೇಶ ಹೀಗಿರಲಿ: ಗ್ರಿಪ್ಪರ್ ಪಾರ್ಟ್ ಹಿಡಿದುಕೊಂಡೇ ಫಿಕ್ಸ್‌ಚರ್ ಒಳಗೆ ಸಿಕ್ಕಿಕೊಂಡು ನಿಂತಿದೆ. ಜಾಗ್ ತರಬೇತಿ ಆದ ಆಪರೇಟರ್ ಒಬ್ಬರು ಒಳಗೆ ಹೋಗಿ ತೋಳನ್ನು ಹೊರತರಬೇಕು. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಸುರಕ್ಷಿತ ವಲಯವನ್ನು ಪ್ರವೇಶಿಸುವ ಮೊದಲು T1 ಮೋಡ್ ಆಯ್ಕೆ ಮಾಡಿ ಡೆಡ್‌ಮ್ಯಾನ್ ಸ್ವಿಚ್ ಒತ್ತಿ SHIFT ಒತ್ತಿ RESET ಒತ್ತಿ ದೋಷವನ್ನು ತೆರವುಗೊಳಿಸಿ ರೋಬೋಟ್ ಅನ್ನು ಸುರಕ್ಷಿತ ಸ್ಥಾನಕ್ಕೆ ಸರಿಸಿ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಎರಡು "ಸುರಕ್ಷಿತ"ಗಳು ಬೇರೆ ಬೇರೆ ಅರ್ಥದಲ್ಲಿವೆ. ಯಾವುದನ್ನು ಹಿಡಿದೇ ಇರಬೇಕು, ಯಾವುದನ್ನು ಒಮ್ಮೆ ಒತ್ತಿದರೆ ಸಾಕು ತಿಳಿಯುವುದಿಲ್ಲ. "ಸುರಕ್ಷಿತ ಸ್ಥಾನ" ಯಾವ ದಿಕ್ಕಿನಲ್ಲಿದೆ ಎಂದೂ ಇಲ್ಲ. ಇದನ್ನು ಹೀಗೆ ಕಟ್ಟಬಹುದು:

1. ಮೋಡ್ ಕೀಯನ್ನು T1ಗೆ ತಿರುಗಿಸಿರಿ. ಕೀ ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿರಿ.
2. ಬೇಲಿಯೊಳಗೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ಇರಬಾರದು. ಪೆಂಡೆಂಟ್ ನಿಮ್ಮ ಕೈಯಲ್ಲೇ ಇರಬೇಕು.
3. ಗ್ರಿಪ್ಪರ್ ಕಾಣುವ ಕಡೆ ನಿಲ್ಲಿರಿ. ಬೆನ್ನ ಹಿಂದೆ ಹೊರಬರುವ ದಾರಿ ಖಾಲಿ ಇರಬೇಕು. ತೋಳು ಮತ್ತು ಬೇಲಿಯ ನಡುವೆ ನಿಲ್ಲಬೇಡಿರಿ.
4. ಪೆಂಡೆಂಟ್ ಸ್ವಿಚ್ ON ಮಾಡಿರಿ. ವೇಗವನ್ನು 5%ಗೆ ಇಳಿಸಿರಿ.
5. ಪರದೆ ಮೇಲೆ WORLD ಎಂದು ಇದೆಯೇ ನೋಡಿರಿ. ಇಲ್ಲದಿದ್ದರೆ COORD ಒತ್ತಿ ಬದಲಿಸಿರಿ.
6. ಡೆಡ್‌ಮ್ಯಾನ್ ಸ್ವಿಚ್ಚನ್ನು ನಡುಮಟ್ಟಕ್ಕೆ ಒತ್ತಿ ಹಿಡಿಯಿರಿ. 8ನೇ ಹೆಜ್ಜೆ ಮುಗಿಯುವ ತನಕ ಹಿಡಿದೇ ಇರಿ.
7. SHIFT ಒತ್ತಿ ಹಿಡಿದುಕೊಂಡೇ RESET ಒಮ್ಮೆ ಒತ್ತಿರಿ. ಅಲಾರಂ ಹೋಯಿತೇ ನೋಡಿರಿ.
8. SHIFT ಹಿಡಿದುಕೊಂಡೇ +Z ಒಂದು ಕ್ಷಣ ಒತ್ತಿರಿ. ತೋಳು ಮೇಲಕ್ಕೆ ಹೋಯಿತೇ? ಹೌದಾದರೆ ಮುಂದುವರಿಸಿರಿ. ಬೇರೆ ಕಡೆ ಹೋದರೆ ಡೆಡ್‌ಮ್ಯಾನ್ ಸ್ವಿಚ್ಚಿನಿಂದ ಬೆರಳು ತೆಗೆಯಿರಿ.

8ನೇ ಹೆಜ್ಜೆಯ +Z ಅನುವಾದಕರು ತೀರ್ಮಾನಿಸುವ ವಿಷಯವಲ್ಲ. ನೆಲದ ಮೇಲೆ ನಿಲ್ಲಿಸಿದ ರೋಬೋದಲ್ಲಿ WORLD ಇದ್ದಾಗ +Z ಎಂದರೆ ಮೇಲಕ್ಕೆ; ಅದೇ ಕೀ TOOL ಇದ್ದಾಗ ಗ್ರಿಪ್ಪರ್ ಮುಖ ಮಾಡಿದ ದಿಕ್ಕನ್ನು ಅನುಸರಿಸುತ್ತದೆ, ಪಾರ್ಟನ್ನು ಫಿಕ್ಸ್‌ಚರ್‌ಗೇ ಒತ್ತಿಬಿಡಬಲ್ಲದು. ಪಾರ್ಟ್ ಅಡ್ಡಡ್ಡ ಒಳಸೇರುವ ಫಿಕ್ಸ್‌ಚರ್ ಆದರೆ WORLD +Z ಕೂಡ ತಪ್ಪು. ಮೂಲದಲ್ಲಿ "ದೂರ ಸರಿಸಿ" ಎಂದಷ್ಟೇ ಇದ್ದರೆ ಅದು ಮೂಲದ ಕೊರತೆ. ಅದನ್ನು ಅಂದವಾದ ಕನ್ನಡದಿಂದ ಮುಚ್ಚದೆ, ಪ್ರೋಗ್ರಾಂ ಬರೆದವರಿಂದ ದಿಕ್ಕು ಕೇಳಿ ಬರೆಯಿಸಿಕೊಳ್ಳಿ.

ಇದೇ ಹಾಳೆಯಲ್ಲಿ T1 ಬಗ್ಗೆ ಒಂದು ಸಾಲು ಬೇಕೇ ಬೇಕು. T1ನಲ್ಲಿ ಗೇಟ್ ತೆರೆದಿದ್ದರೂ ರೋಬೋ ಚಲಿಸುತ್ತದೆ, ಒಳಗೆ ಹೋಗಿ ಟೀಚ್ ಮಾಡಲೆಂದೇ ಆ ಮೋಡ್ ಇರುವುದು. ಅಲ್ಲಿ ನಿಮ್ಮನ್ನು ಕಾಯುವುದು ಡೆಡ್‌ಮ್ಯಾನ್ ಸ್ವಿಚ್ ಮತ್ತು ಸೆಕೆಂಡಿಗೆ 250 ಮಿಲಿಮೀಟರ್ ಎಂಬ ವೇಗದ ಮಿತಿ. ಇದನ್ನು "ಕಡಿಮೆ ವೇಗ" ಎಂದು ಮಾತ್ರ ಬರೆದರೆ ಜನ ಆಮೆಯ ನಡಿಗೆ ಅಂದುಕೊಳ್ಳುತ್ತಾರೆ. ನಾಲ್ಕು ಸೆಕೆಂಡಿಗೆ ಒಂದು ಮೀಟರ್ ಅದು, ಕೈ ಫಿಕ್ಸ್‌ಚರ್ ಹತ್ತಿರವಿದ್ದರೆ ಹಿಂದೆಗೆಯಲು ಸಮಯ ಸಾಲದು. ಅಂಕಿಯನ್ನೂ ಬರೆಯಿರಿ, ಈ ಹೋಲಿಕೆಯನ್ನೂ ಬರೆಯಿರಿ.

ಒಪ್ಪಿಸುವ ಮುನ್ನ

ಹಾಳೆಯನ್ನು ಆಪರೇಟರ್‌ಗೆ ಕೊಟ್ಟು "ಅರ್ಥ ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದೇ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಆ ಪೆಂಡೆಂಟನ್ನು ಹಿಂದೆ ಮುಟ್ಟದ ಒಬ್ಬರನ್ನು ಕರೆಯಿರಿ. ಸೆಲ್‌ನ ಜವಾಬ್ದಾರಿ ಇರುವವರು ರೋಬೋದ ಪವರ್ ತೆಗೆದು ಲಾಕ್ ಮಾಡಲಿ, ಪೆಂಡೆಂಟ್ ಆಫ್ ಇರಲಿ. ಒಬ್ಬರು ಸಾಲುಗಳನ್ನು ಗಟ್ಟಿಯಾಗಿ ಓದಲಿ, ಕರೆಸಿದವರು ಬೆರಳಿನಲ್ಲಿ ಮಾಡಿ ತೋರಿಸಲಿ. ನೀವು ಅವರ ಎಡಗೈಯನ್ನು ಮಾತ್ರ ನೋಡಿ. 7ನೇ ಹೆಜ್ಜೆಗೆ ಬಂದಾಗ ಡೆಡ್‌ಮ್ಯಾನ್ ಸ್ವಿಚ್ ಮೇಲಿನ ಬೆರಳು ಸಡಿಲವಾಯಿತೇ? ಆಗಿದ್ದರೆ 6ನೇ ಹೆಜ್ಜೆಯ ಸಾಲು ಸರಿ ಇಲ್ಲ, ಓದಿದವರ ತಪ್ಪಲ್ಲ. ಆಮೇಲೆ ಸೆಲ್‌ನ ನಕ್ಷೆ ಮುಂದಿಟ್ಟು, ರೋಬೋ ಓಡುವಾಗ ಎಲ್ಲಿ ನಿಲ್ಲಬಾರದೋ ಅಲ್ಲಿ ಪೆನ್ಸಿಲಿನಲ್ಲಿ ಗೀರೆಳೆಯಲು ಹೇಳಿ. ಗೀರು ಬೇಲಿಯ ಗೆರೆಗೆ ಕೂಡದಿದ್ದರೆ ಜಾಗದ ಹೆಸರುಗಳನ್ನು ಮತ್ತೆ ನೋಡಬೇಕು.

ಎಚ್ಚರಿಕೆ ಪದಗಳನ್ನೂ ಆಗಲೇ ತಾಳೆ ನೋಡಿ. ಮೂಲದಲ್ಲಿ DANGER ಎಂದರೆ ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗೇ ಆಗುತ್ತದೆ, WARNING ಎಂದರೆ ಅಂಥದ್ದು ಆಗುವ ಸಂಭವವಿದೆ, CAUTION ಎಂದರೆ ಸಣ್ಣ ಅಥವಾ ಮಧ್ಯಮ ಗಾಯ. ಇವಕ್ಕೆ "ಅಪಾಯ", "ಎಚ್ಚರಿಕೆ", "ಜಾಗ್ರತೆ" ಎಂದು ಮೂರು ಪದ ಗೊತ್ತು ಮಾಡಿಕೊಂಡರೆ ಸಾಕು, ಆದರೆ ಒಂದು ಪುಟದ "ಎಚ್ಚರಿಕೆ" ಇನ್ನೊಂದು ಪುಟದಲ್ಲಿ "ಜಾಗ್ರತೆ" ಆಗಬಾರದು. ಬಣ್ಣವನ್ನೂ ಚಿಹ್ನೆಯನ್ನೂ ಮೂಲದಲ್ಲಿದ್ದಂತೆಯೇ ಉಳಿಸಿ. ಹಾಳೆಯ ಮೇಲ್ಭಾಗದಲ್ಲಿ ಇದು ಅನುವಾದ ಎಂದು, ಯಾವ ಮ್ಯಾನ್ಯುಯಲ್‌ನ ಯಾವ ಆವೃತ್ತಿಯದು ಎಂದು ಬರೆದು, ಮೂಲ ಪ್ರತಿಯನ್ನು ಸೆಲ್ ಹತ್ತಿರವೇ ಇಡಿಸಿ. ಪ್ರೋಗ್ರಾಂ, ಗ್ರಿಪ್ಪರ್ ಅಥವಾ ಫಿಕ್ಸ್‌ಚರ್ ಬದಲಾದ ದಿನ 8ನೇ ಹೆಜ್ಜೆಯನ್ನು ಮತ್ತೆ ಕೇಳಿಕೊಂಡು ಬರಬೇಕು.